ನಾವು, ನೀವು ಮತ್ತು ಅಳಿಸಿದ ಸಾಲು

ಭಾವನಿಗೆ ಎಪ್ಪತ್ತು ತುಂಬುವ ಹೊತ್ತಿಗೆ ಭೀಮರಥ ಶಾಂತಿ ಮಾಡಿಸಬೇಕೆಂದು ಅಕ್ಕನ ಮಗ ಒಂದು ವಾಟ್ಸಾಪ್ ಗುಂಪು ಕಟ್ಟಿದ. ಹದಿನಾಲ್ಕು ಜನ. ಪುರೋಹಿತರು ಯಾರು, ಛತ್ರ ಯಾವುದು, ಎಲೆಗೆ ಹೋಳಿಗೆಯೋ ಚಿರೋಟಿಯೋ ಎಂಬ ಚರ್ಚೆಯೆಲ್ಲ ಅಲ್ಲೇ ನಡೆಯುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಭಾವನ ತಮ್ಮ ನನಗೆ ಫೋನ್ ಮಾಡಿದರು. "ನೀವು ಸಹಕಾರ ಸಂಘಗಳ ಲೆಕ್ಕ ನೋಡಿಯೇ ರಿಟೈರ್ ಆದವರು. ನಿನ್ನೆ ರಾತ್ರಿ ಗ್ರೂಪಿನಲ್ಲಿ ಏನು ನಡೆದಿದೆ ಅಂತ ಒಂದು ಸಲ ನೋಡಿ ಹೇಳಿ" ಎಂದರು. ದನಿಯಲ್ಲಿ ಮುನಿಸಿತ್ತು.

ನೋಡಿದೆ. ರಾತ್ರಿ 9:12ಕ್ಕೆ ಅವರು, "ಛತ್ರಕ್ಕೆ ಅಡ್ವಾನ್ಸ್ ಎಷ್ಟು ಕೊಟ್ಟಿದ್ದು?" ಎಂದು ಕೇಳಿದ್ದಾರೆ. 9:14ಕ್ಕೆ ಅಕ್ಕನ ಸೊಸೆಯ ಹೆಸರಿನಲ್ಲಿ This message was deleted ಎಂಬ ಬೂದು ಅಕ್ಷರ. 9:15ಕ್ಕೆ ಅವಳದೇ ಹೆಸರಿನಲ್ಲಿ ಅದೇ ಬೂದು ಅಕ್ಷರ ಮತ್ತೊಮ್ಮೆ. 9:17ಕ್ಕೆ, "ಹತ್ತು ಸಾವಿರ ಚಿಕ್ಕಪ್ಪ, ರಸೀದಿ ಇದೆ." 9:20ಕ್ಕೆ ಅಕ್ಕನ ಮಗ, "ಅಡುಗೆಯವರ ಬಾಕಿ ನೀವು ಕೊಡಬೇಕು ಅಂತ ಆಗಿದೆ ಚಿಕ್ಕಪ್ಪ" ಎಂದಿದ್ದಾನೆ. ಅದರ ಮೂಲೆಯಲ್ಲಿ, ವೇಳೆಯ ಪಕ್ಕ, ಚಿಕ್ಕದಾಗಿ Edited ಎಂದಿದೆ. 9:22ಕ್ಕೆ ಚಿಕ್ಕಪ್ಪನವರ ಉತ್ತರ ಒಂದೇ ಪದ: "ಸರಿ." 9:41ಕ್ಕೆ ಅಕ್ಕ: "ಹಾಗಾದ್ರೆ ಅದೊಂದು ತೀರ್ಮಾನ ಆಯ್ತು."

ಚಿಕ್ಕಪ್ಪನವರ ದೂರು ಎರಡು. ಒಂದು, ಸೊಸೆ ಮೊದಲು ಬೇರೆ ಮೊತ್ತ ಬರೆದು, ಗಂಡನನ್ನು ಕೇಳಿ, ಅಳಿಸಿ ಬೇರೆ ಹೇಳಿದ್ದಾಳೆ. ಎರಡು, ತಾವು "ಸರಿ" ಎಂದಿದ್ದು "ನಾವು ಕೊಡಬೇಕು" ಎಂಬ ಮಾತಿಗೆ. ಈಗ ಅದು "ನೀವು ಕೊಡಬೇಕು" ಎಂದಾಗಿದೆ, ತಮ್ಮ "ಸರಿ" ಮಾತ್ರ ಅದರ ಕೆಳಗೆ ಹಾಗೇ ಕೂತಿದೆ.

ಮೊದಲನೆಯ ದೂರಿಗೆ ಹುರುಳಿಲ್ಲ, ಎರಡನೆಯದಕ್ಕೆ ಇದೆ ಎಂಬುದು ನನ್ನ ತೀರ್ಮಾನವಾಯಿತು. ಎರಡೂ ಕಡೆ ಇರುವುದು ಒಂದೊಂದು ಬೂದು ಗುರುತು ಅಷ್ಟೇ. ಹಾಗಿದ್ದೂ ಒಂದರಿಂದ ಏನೂ ಹೊರಡುವುದಿಲ್ಲ, ಇನ್ನೊಂದರಿಂದ ಸಾಕಷ್ಟು ಹೊರಡುತ್ತದೆ. ಏಕೆ ಹೀಗೆ ಎಂದು ಹೇಳಬೇಕಾದರೆ ಆ ಗುರುತುಗಳು ಹುಟ್ಟುವ ಬಗೆಯಿಂದಲೇ ಶುರುಮಾಡಬೇಕು.

ನಾನು ಕೆಲಸ ಕಲಿತದ್ದು ಕ್ಯಾಶ್ ಬುಕ್ಕಿನ ಮೇಲೆ. ಅಲ್ಲಿ ರಬ್ಬರಿಗೆ ಪ್ರವೇಶವಿಲ್ಲ, ಬಿಳಿ ಬಣ್ಣ ಬಳಿಯುವ ವೈಟ್ನರಿಗಂತೂ ಇಲ್ಲವೇ ಇಲ್ಲ. ಅಂಕಿ ತಪ್ಪಿದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಸರಿಯಾದದ್ದನ್ನು ಮೇಲೆ ಬರೆಯಬೇಕು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಹಳೆಯ ಅಂಕಿ ಓದುವಂತಿರಬೇಕು ಎನ್ನುವುದೇ ನಿಯಮದ ಜೀವ. ಕ್ರಯಪತ್ರಗಳಿಗೂ ಇಂಥದೇ ಕಟ್ಟು ಇದೆ. 1908ರ ನೋಂದಣಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸಾಲುಗಳ ನಡುವೆ ಸೇರಿಸಿದ್ದು, ಕೆರೆದದ್ದು, ತಿದ್ದಿದ್ದು ಕಂಡರೆ, ಪತ್ರ ಬರೆದುಕೊಟ್ಟವರು ಅಲ್ಲಲ್ಲೇ ಸಹಿ ಹಾಕಿರದಿದ್ದರೆ, ನೋಂದಣಾಧಿಕಾರಿ ಅದನ್ನು ಸ್ವೀಕರಿಸದೆ ವಾಪಸು ಮಾಡಬಹುದು. ಇಂಥ ತಿದ್ದುಪಡಿಯಲ್ಲಿ ಮೊದಲು ಏನಿತ್ತು, ಈಗ ಏನಿದೆ, ಬದಲಿಸಿದ್ದು ಯಾರು ಎಂಬ ಮೂರೂ ಕಾಗದದ ಮೇಲೆಯೇ ಉಳಿಯುತ್ತವೆ. ವಾಟ್ಸಾಪಿನ ಅಳಿಸುವಿಕೆ ಈ ಜಾತಿಯದಲ್ಲ, ಸ್ಲೇಟಿನ ಜಾತಿಯದು. ಬಟ್ಟೆಯಿಂದ ಒರೆಸಿ, ಒರೆಸಿದ ಜಾಗದಲ್ಲಿ "ಇಲ್ಲಿ ಒರೆಸಿದೆ" ಎಂದು ಬರೆದಿಟ್ಟ ಸ್ಲೇಟು.

ಒರೆಸುವವರು ಯಾರು? ಸೊಸೆ ತನ್ನ ಫೋನಿನಲ್ಲಿ ಕೂತು ಚಿಕ್ಕಪ್ಪನವರ ಫೋನಿನೊಳಗೆ ಕೈ ಹಾಕಿ ಅಳಿಸಿದಳು ಎಂದು ಬಹಳ ಜನ ಭಾವಿಸುತ್ತಾರೆ. ಆಗುವುದು ಹಾಗಲ್ಲ. ಪ್ರತಿ ಸಂದೇಶಕ್ಕೂ ತೆರೆಮರೆಯಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದೆ. "ಎಲ್ಲರಿಗೂ ಅಳಿಸು" ಎಂದು ಒತ್ತಿದಾಗ ಹೊರಡುವುದು ಇನ್ನೊಂದು ಸಂದೇಶ. ಇಂಥ ಸಂಖ್ಯೆಯ ಸಂದೇಶವನ್ನು ಹಿಂತೆಗೆದುಕೊಂಡಿದ್ದೇನೆ ಎಂಬುದಷ್ಟೇ ಅದರ ಒಕ್ಕಣೆ. ಅದು ತಲುಪಿದ ಫೋನಿನಲ್ಲಿರುವ ವಾಟ್ಸಾಪ್ ತಾನೇ ಹಳೆಯ ಸಾಲನ್ನು ತೆಗೆದು, ಆ ಜಾಗದಲ್ಲಿ ಬೂದು ವಾಕ್ಯ ಇಡುತ್ತದೆ. ಹದಿನಾಲ್ಕು ಜನರ ಗುಂಪಿನಲ್ಲಿ ಹದಿಮೂರು ಫೋನುಗಳು ಈ ಕೋರಿಕೆಯನ್ನು ಬೇರೆ ಬೇರೆಯಾಗಿ ನಡೆಸಿಕೊಡಬೇಕು. ಒಂದು ಫೋನು ಮೂರು ದಿನ ಸ್ವಿಚ್ ಆಫ್ ಆಗಿದ್ದರೆ ಕೋರಿಕೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಒಂದೆಡೆ ಅಳಿಸುವುದು ಕೈಗೂಡದಿದ್ದರೆ ಕಳಿಸಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಹೀಗಾಗಿ ಬೂದು ವಾಕ್ಯದ ನಿಜವಾದ ಅರ್ಥ ಇಷ್ಟೇ: ಈ ಹೆಸರಿನಿಂದ ಈ ವೇಳೆಗೆ ಏನೋ ಒಂದು ಬಂದಿತ್ತು, ಅದನ್ನು ಹಿಂತೆಗೆಯುವ ಕೋರಿಕೆಯೂ ಈ ಫೋನಿಗೆ ತಲುಪಿತು.

ಬಂದಿದ್ದು ಅಕ್ಷರವೋ, ಫೋಟೋವೋ, ದನಿಯೋ, ಮಗು ಒತ್ತಿದ ಸ್ಟಿಕ್ಕರೋ, ಎಲ್ಲಕ್ಕೂ ಅದೇ ವಾಕ್ಯ. ಅಳಿಸುವ ಮೊದಲು ಎಷ್ಟು ಜನ ಓದಿದ್ದರು ಎಂಬುದು ಅದರಲ್ಲಿಲ್ಲ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಬೂದು ವಾಕ್ಯದ ಪಕ್ಕ ಇರುವ 9:14 ಎಂಬ ವೇಳೆ ಸಂದೇಶ ಕಳಿಸಿದ ವೇಳೆಯೇ ಹೊರತು ಅಳಿಸಿದ ವೇಳೆಯಲ್ಲ. ಅಳಿಸಿದ ವೇಳೆ ತೆರೆಯ ಮೇಲೆ ಎಲ್ಲಿಯೂ ಬರುವುದಿಲ್ಲ.

ಈ ಕಾಣದ ವೇಳೆಯಿಂದಾಗಿಯೇ ವರ್ಷಗಳು ಕಳೆದಂತೆ ಗುರುತಿನ ಅರ್ಥ ಬದಲಾಗುತ್ತ ಬಂದಿದೆ. 2017ರ ಕೊನೆಯಲ್ಲಿ ಈ ಸೌಲಭ್ಯ ಬಂದಾಗ ಅಳಿಸಲು ಇದ್ದ ಅವಕಾಶ ಏಳೇ ನಿಮಿಷ. ಆಗ ಬೂದು ವಾಕ್ಯ ಕಂಡರೆ, ಕಳಿಸಿದ ಏಳು ನಿಮಿಷದೊಳಗೆ ಆ ಮನುಷ್ಯ ಮನಸ್ಸು ಬದಲಿಸಿದ್ದಾನೆ ಅಥವಾ ತಪ್ಪು ಕಂಡುಕೊಂಡಿದ್ದಾನೆ ಎಂದು ಧೈರ್ಯವಾಗಿ ಹೇಳಬಹುದಿತ್ತು. ಮರುವರ್ಷ ಅದು ಒಂದು ಗಂಟೆಗೂ ಸ್ವಲ್ಪ ಹೆಚ್ಚಾಯಿತು. 2022ರ ಆಗಸ್ಟಿನಿಂದ ಎರಡು ದಿನಕ್ಕೂ ಮಿಕ್ಕಿದ ಅವಕಾಶ ಸಿಕ್ಕಿದೆ. ಭಾನುವಾರ ರಾತ್ರಿಯ ಸಾಲನ್ನು ಮಂಗಳವಾರ ಮಧ್ಯಾಹ್ನ ಅಳಿಸಿದರೂ ನಿಮಗೆ ಕಾಣುವುದು ಭಾನುವಾರದ ವೇಳೆಯೇ. ಅವಕಾಶ ಹಿಗ್ಗಿದಷ್ಟೂ ಗುರುತು ಮೂಕವಾಗುತ್ತದೆ. ಏಳು ನಿಮಿಷದ ಅಳಿಸುವಿಕೆ ಕೈತಪ್ಪಿಗೆ ಹತ್ತಿರ. ಎರಡು ದಿನದ ಅಳಿಸುವಿಕೆ ಕೈತಪ್ಪೂ ಇರಬಹುದು, ರಾತ್ರಿ ನಿದ್ದೆಗೆಟ್ಟು ಯೋಚಿಸಿದ್ದೂ ಇರಬಹುದು, ವಕೀಲರು ಹೇಳಿಕೊಟ್ಟದ್ದೂ ಇರಬಹುದು. ಈ ಮೂರರ ನಡುವೆ ವ್ಯತ್ಯಾಸ ಕಾಣಿಸುವ ಒಂದೇ ಅಂಶ ವೇಳೆ, ಅದನ್ನೇ ತೆರೆ ಮುಚ್ಚಿಟ್ಟುಕೊಂಡಿದೆ.

ಚಿಕ್ಕಪ್ಪನವರ ಮೊದಲ ದೂರಿಗೆ ಬರೋಣ. ಸೊಸೆ ಬೇರೆ ಮೊತ್ತ ಬರೆದಿದ್ದರೆ ಹೀಗೇ ಬೂದು ಅಕ್ಷರ ಕಾಣುತ್ತಿತ್ತು, ನಿಜ. ಆದರೆ ಪಕ್ಕದ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಲ್ಲ? ಅವಳು ಏನೂ ಮುಚ್ಚಿಡದಿದ್ದರೆ ಏನು ಕಾಣುತ್ತಿತ್ತು? ರಸೀದಿಯ ಬದಲು ಗ್ಯಾಲರಿಯ ಬೇರೆ ಫೋಟೋ ಹೋಗಿದ್ದರೆ, ಗಂಡನಿಗೆ ಕಳಿಸಬೇಕಾದ್ದು ಗುಂಪಿಗೆ ಬಿದ್ದಿದ್ದರೆ, "ಹತ್ತು ಸಾವಿರ" ಎನ್ನಲು ಹೋಗಿ ಕೀಲಿಮಣೆ "ಹತ್ತು ಸಾವಿರು" ಎಂದಿದ್ದರೆ, ಆಗಲೂ ಇದೇ ಕಾಣುತ್ತಿತ್ತು. ಕಳ್ಳತನ ನಡೆದಾಗಲೂ ನಡೆಯದಿದ್ದಾಗಲೂ ಒಂದೇ ತೆರನಾಗಿ ಬೊಗಳುವ ನಾಯಿಯ ಬೊಗಳಿಕೆಯಿಂದ ಕಳ್ಳ ಬಂದಿದ್ದನೋ ಇಲ್ಲವೋ ತಿಳಿಯುವುದಿಲ್ಲ. ನಾಯಿ ಬೊಗಳಿತು ಎಂಬುದಷ್ಟೇ ತಿಳಿಯುತ್ತದೆ.

ಸುತ್ತಲಿನ ಸಾಲುಗಳು ಸ್ವಲ್ಪ ಹೇಳುತ್ತವೆ. ಪ್ರಶ್ನೆಗೂ ಅಂತಿಮ ಉತ್ತರಕ್ಕೂ ನಡುವೆ ಐದು ನಿಮಿಷ ಅಂತರ. ಅಳಿಸಿದ ಎರಡು ಸಾಲು ಒಂದು ನಿಮಿಷದ ಅಂತರದಲ್ಲಿವೆ, ಆಮೇಲೆ ನೇರ ಉತ್ತರವಿದೆ, ಅದರಲ್ಲೇ ರಸೀದಿಯ ಮಾತಿದೆ. ರಸೀದಿ ತೋರಿಸುತ್ತೇನೆ ಎನ್ನುವವರು ಸಾಮಾನ್ಯವಾಗಿ ಮೊತ್ತದಲ್ಲಿ ಆಟ ಆಡುವುದಿಲ್ಲ. ಇದು ತಡಬಡಾಯಿಸಿ ಸರಿಪಡಿಸಿಕೊಂಡ ಕೈಯ ಚಹರೆ. ಆದರೆ ನೋಡಿ, ಈ ಊಹೆಗೆ ಆಧಾರ ಕೊಟ್ಟದ್ದು ಅಳಿಸದೆ ಉಳಿದ ಸಾಲುಗಳು. ಅಳಿಸಿದ ಗುರುತಿನಿಂದ ಏನೂ ಬರಲಿಲ್ಲ.

ಇನ್ನೊಂದು ಎಚ್ಚರ ಹಳೆಯ ಮಾತುಕತೆ ತೆರೆಯುವವರಿಗೆ. ವಾಟ್ಸಾಪಿನಲ್ಲಿ ತಿದ್ದುವ ಸೌಲಭ್ಯ ಬಂದದ್ದು 2023ರ ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ ಒಂದು ಒತ್ತಕ್ಷರ ಬಿಟ್ಟುಹೋದರೂ ಇದ್ದ ದಾರಿ ಒಂದೇ: ಅಳಿಸು, ಮತ್ತೆ ಬರೆ. ಆದ್ದರಿಂದ 2021ರ ಒಂದು ಮಾತುಕತೆಯಲ್ಲಿ ಹತ್ತು ಬೂದು ವಾಕ್ಯ ಸಿಕ್ಕರೆ ಬರೆದವರು ಗುಟ್ಟಿನವರು ಎಂದುಕೊಳ್ಳುವುದಕ್ಕಿಂತ ಕಾಗುಣಿತದ ಬಗ್ಗೆ ಕಟ್ಟುನಿಟ್ಟಿನವರು ಎಂದುಕೊಳ್ಳುವುದು ವಾಸಿ. ಈಗಲೂ ಫೋಟೋ ತಪ್ಪಾಗಿ ಹೋದರೆ, ದನಿಯಲ್ಲಿ ಕೆಮ್ಮು ಬಂದರೆ, ಅಳಿಸದೆ ಬೇರೆ ದಾರಿ ಇಲ್ಲ. ಗುಂಪಿನ ಅಡ್ಮಿನ್ ಅಳಿಸಿದ್ದರೆ ಬೂದು ವಾಕ್ಯದಲ್ಲೇ ಅಡ್ಮಿನ್ ಎಂಬ ಮಾತು ಸೇರಿಕೊಳ್ಳುತ್ತದೆ. ಆ ಒಂದು ಪದ ಓದದೆ, "ಬರೆದವನೇ ಹೆದರಿ ಅಳಿಸಿದ" ಎಂದು ಸಾರಿಕೊಂಡು ಬರುವವರನ್ನು ನಮ್ಮ ಬಡಾವಣೆಯಲ್ಲೇ ಕಂಡಿದ್ದೇನೆ.

ಹಾಗಾದರೆ ಅಳಿಸಿದ ಗುರುತು ಯಾವತ್ತೂ ಮಾತಾಡುವುದಿಲ್ಲವೇ? ಒಂಟಿಯಾಗಿ ಇಲ್ಲ, ಸಾಲುಸಾಲಾಗಿ ಕೂತಾಗ ಮಾತಾಡುತ್ತದೆ. ಪರಿಚಯದವರೊಬ್ಬರು ಸಾಲ ಕೊಟ್ಟು ಕಷ್ಟಕ್ಕೆ ಸಿಕ್ಕಿ ನನ್ನ ಬಳಿ ಫೋನು ತಂದಿದ್ದರು. ಒಂದು ಸಂಜೆಯ ಮಾತುಕತೆಯಲ್ಲಿ ಸಾಲ ಪಡೆದವನ ಒಂಬತ್ತು ಸಾಲುಗಳಿದ್ದವು. ಮನೆಯವರ ಆರೋಗ್ಯ, ಮಳೆ, ಮಗನ ಪರೀಕ್ಷೆ ಕುರಿತ ಐದು ಹಾಗೇ ಇದ್ದವು. ಉಳಿದ ನಾಲ್ಕು ಬೂದಾಗಿದ್ದವು. ಆ ನಾಲ್ಕರ ಕೆಳಗೆ ಇವರ ಉತ್ತರಗಳಿದ್ದವು: "ಆಯ್ತು, ಯುಗಾದಿ ಕಳೆದ ಮೇಲೆ ಕೊಡಿ", "ಬಡ್ಡಿ ಬೇಡ, ಅಸಲು ಸಾಕು." ಒಂದು ಉತ್ತರವನ್ನು ಇವರು ಅವನ ಸಾಲನ್ನೇ ಎಳೆದು, ಅದಕ್ಕೆ ತಗುಲಿಸಿ ಕಳಿಸಿದ್ದರು. ಹಾಗೆ ತಗುಲಿಸಿದಾಗ ಮೂಲ ಸಾಲಿನ ಒಂದು ನಕಲು ಉತ್ತರದ ತಲೆಯ ಮೇಲೆ ಕೂರುತ್ತದೆ. ಮೂಲ ಅಳಿದರೂ ಆ ನಕಲು ಉಳಿಯುತ್ತದೆ. ಅಲ್ಲಿ ಅವನ ಮಾತು ಅಕ್ಷರಶಃ ಇತ್ತು. ಸಂಜೆ ಬಂದ ಮರುಕ್ಷಣವೇ ಅಳಿಸಿರಲಿಲ್ಲ ಎಂಬುದಕ್ಕೂ ಆಧಾರವಿತ್ತು. ಮರುದಿನ ಬೆಳಿಗ್ಗೆ ಇವರು ಹೆಂಡತಿಗೆ ತೋರಿಸಲೆಂದು ತೆಗೆದ ಸ್ಕ್ರೀನ್‌ಶಾಟಿನಲ್ಲಿ ನಾಲ್ಕೂ ಸಾಲು ಇದ್ದವು. ಆರಿಸಿ ಅಳಿಸಿದ್ದು, ತಡವಾಗಿ ಅಳಿಸಿದ್ದು, ಒಂದೇ ವಿಷಯದ್ದನ್ನು ಅಳಿಸಿದ್ದು, ಈ ಮೂರೂ ಸೇರಿದಾಗ ಕೈತಪ್ಪು ಎಂಬ ವಿವರಣೆ ನಿಲ್ಲುವುದಿಲ್ಲ. ಇಲ್ಲಿ ಕೂಡ "ಏಕೆ" ಎಂಬುದಕ್ಕೆ ನಾನು ಬಾಯಿ ಹಾಕಲಿಲ್ಲ. ಅವನ ಫೋನನ್ನು ಅಣ್ಣತಮ್ಮಂದಿರು ನೋಡುತ್ತಿದ್ದಿರಬಹುದು. ಸಾಲವಾಗಿದ್ದೇ ಮನೆಯಲ್ಲಿ ತಿಳಿಯಬಾರದೆಂದು ಅಳಿಸಿರಬಹುದು. ಸಾಲ ಇತ್ತು ಎಂಬುದು ಸ್ಥಿರವಾಯಿತು. ಕೊಡಬಾರದೆಂಬ ಉದ್ದೇಶ ಇತ್ತು ಎಂಬುದು ಸ್ಥಿರವಾಗಲಿಲ್ಲ.

ಅಳಿಸಿದ್ದನ್ನು ಓದಿಸುತ್ತೇವೆ ಎನ್ನುವ ಆ್ಯಪ್‌ಗಳ ಬಗ್ಗೆ ಅವರೂ ಕೇಳಿದರು. ಅವು ಮಾಡುವುದು ಫೋನಿನ ಮೇಲ್ತುದಿಯಲ್ಲಿ ಇಣುಕುವ ನೋಟಿಫಿಕೇಶನ್‌ಗಳನ್ನು ನಕಲು ಮಾಡಿಟ್ಟುಕೊಳ್ಳುವ ಕೆಲಸ. ಅಳಿಸುವ ಮೊದಲೇ ಅವು ಫೋನಿನಲ್ಲಿರಬೇಕು, ಮತ್ತು ಬ್ಯಾಂಕಿನ ಒಟಿಪಿ ಸಹಿತ ಎಲ್ಲವನ್ನೂ ಓದುವ ಅನುಮತಿ ಅವಕ್ಕೆ ಕೊಡಬೇಕು. ಆಂಡ್ರಾಯ್ಡ್ 11ರಿಂದ ಫೋನಿನಲ್ಲೇ ನೋಟಿಫಿಕೇಶನ್ ಚರಿತ್ರೆ ಎಂಬುದೊಂದಿದೆ. ಅದನ್ನು ಮೊದಲೇ ಆನ್ ಮಾಡಿಟ್ಟಿದ್ದರೆ ಹಿಂದಿನ 24 ಗಂಟೆಯವು ಸಿಗುತ್ತವೆ. ಮಾತುಕತೆ ತೆರೆದೇ ಕೂತಿದ್ದಾಗ ಬಂದದ್ದಕ್ಕೆ ನೋಟಿಫಿಕೇಶನ್ನೇ ಹುಟ್ಟುವುದಿಲ್ಲವಾದ್ದರಿಂದ ಅಲ್ಲೂ ಸಿಗುವುದಿಲ್ಲ.

ಇನ್ನು ತಿದ್ದಿದ ಗುರುತು. ಅಳಿಸಿದ್ದರಲ್ಲಿ ಒಂದು ಖಾಲಿ ಜಾಗ ಕಾಣುತ್ತದೆ, ನಾವು ಜಾಗರೂಕರಾಗುತ್ತೇವೆ. ತಿದ್ದಿದ್ದರಲ್ಲಿ ತುಂಬಿದ ವಾಕ್ಯವೇ ಕಾಣುತ್ತದೆ, Edited ಎಂಬ ಚಿಕ್ಕಪದ ಕಣ್ಣಿಗೆ ಬೀಳುವುದೂ ಇಲ್ಲ. ಹಾಗಾಗಿ ಎರಡರಲ್ಲಿ ಹೆಚ್ಚು ಅಪಾಯ ಇದರದ್ದೇ ಎಂದು ನನಗನ್ನಿಸುತ್ತದೆ. ಒಂದು ಪೂರ್ಣವಿರಾಮ ಸೇರಿಸಿದರೂ ಅದೇ ಗುರುತು, ಮಾತನ್ನೇ ಮಗುಚಿದರೂ ಅದೇ ಗುರುತು. ನಮ್ಮ ಲಿಪಿಯಲ್ಲಿ ಮಾತು ಮಗುಚಲು ಹೆಚ್ಚೇನೂ ಬೇಕಾಗುವುದಿಲ್ಲ. "ಬರಲಿ" ಎಂಬುದು "ಬರಲ್ಲ" ಆಗಲು ಒಂದು ಗುಡಿಸು ಹೋಗಿ ಒಂದು ಒತ್ತು ಬಂದರೆ ಸಾಕು. "ನಾವು", "ನೀವು" ಎಂಬವುಗಳ ನಡುವೆ ಇರುವುದು ಒಂದು ಸ್ವರಚಿಹ್ನೆ. ಹಾಗೆಯೇ ಒಳ್ಳೆಯ ತಿದ್ದುಪಡಿಗಳೂ ಇವೆ. ಮಾವನಿಗೆ ಅವಸರದಲ್ಲಿ "ಬಾ" ಎಂದು ಬರೆದ ಹುಡುಗಿ ನಾಲಿಗೆ ಕಚ್ಚಿಕೊಂಡು "ಬನ್ನಿ" ಎಂದು ತಿದ್ದುತ್ತಾಳೆ. ಅದಕ್ಕೂ ಇದೇ ಚಿಕ್ಕಪದ ಅಂಟುತ್ತದೆ.

ವಾಟ್ಸಾಪಿನಲ್ಲಿ ಹಳೆಯ ಪಾಠ ಓದಲು ಸಿಗುವುದಿಲ್ಲ. ಇದು ಎಲ್ಲ ಕಡೆಯ ಕಥೆಯಲ್ಲ. ಐಫೋನಿನ ಸ್ವಂತ ಮೆಸೇಜುಗಳಲ್ಲಿ 2022ರಿಂದ, ಸಿಗ್ನಲ್‌ನಲ್ಲಿ 2023ರಿಂದ ತಿದ್ದುವ ಸೌಲಭ್ಯ ಇದೆ. ಎರಡರಲ್ಲೂ ಗುರುತಿನ ಮೇಲೆ ಒತ್ತಿದರೆ ಹಿಂದಿನ ರೂಪಗಳು ಒಂದರ ಕೆಳಗೊಂದು ತೆರೆದುಕೊಳ್ಳುತ್ತವೆ. ಅವು ನನ್ನ ಕ್ಯಾಶ್ ಬುಕ್ಕಿನ ಹತ್ತಿರದ ನೆಂಟರು. ಅದೇ ಪದ, ಆದರೆ ಆ್ಯಪ್ ಬದಲಾದಂತೆ ಅದರ ಸಾಕ್ಷ್ಯಬಲವೂ ಬದಲಾಗುತ್ತದೆ.

ಒಂದು ಉಪಕಾರವನ್ನು ಮಾತ್ರ ವಾಟ್ಸಾಪ್ ಮಾಡಿದೆ. ತಿದ್ದಲು ಕೊಟ್ಟಿರುವ ಅವಕಾಶ ಹದಿನೈದೇ ನಿಮಿಷ. ಅಳಿಸುವ ಎರಡು ದಿನಕ್ಕೆ ಹೋಲಿಸಿದರೆ ಇದು ಕಿರಿದಾದ ಕಿಟಕಿ, ಕಿಟಕಿ ಕಿರಿದಾದಷ್ಟೂ ಒಳಗಿನದು ಸ್ಪಷ್ಟ. ತಿದ್ದಿದ ಸಂದೇಶದ ಪಕ್ಕದಲ್ಲೂ ಮೊದಲು ಕಳಿಸಿದ ವೇಳೆಯೇ ಇರುತ್ತದೆ. ಅಕ್ಕನ ಮಗನ ಸಾಲು ಹೋದದ್ದು 9:20ಕ್ಕೆ. ಹಾಗಾದರೆ ತಿದ್ದುಪಡಿ ನಡೆದದ್ದು 9:20ರಿಂದ ಸುಮಾರು 9:35ರ ಒಳಗೆ. ಚಿಕ್ಕಪ್ಪನವರ "ಸರಿ" 9:22ರದ್ದು, ಈ ಕಿಟಕಿಯ ಒಳಗೇ ಬೀಳುತ್ತದೆ. ಅಂದರೆ ಅದು ಹಳೆಯ ಮಾತಿಗೆ ಹೇಳಿದ್ದೂ ಆಗಿರಬಹುದು, ಹೊಸದಕ್ಕೆ ಹೇಳಿದ್ದೂ ಆಗಿರಬಹುದು. ತೆರೆಯ ಮೇಲಿನ ಕ್ರಮ ನೋಡಿ, "ನೀವು ಕೊಡಬೇಕು ಎಂದಿದ್ದಕ್ಕೆ ಸರಿ ಎಂದಿದ್ದಾರೆ" ಎಂದು ಓದುವ ಹಕ್ಕು ಯಾರಿಗೂ ಇಲ್ಲ. ಅಕ್ಕನ ಮಾತು 9:41ರದ್ದು, ಕಿಟಕಿ ಮುಚ್ಚಿದ ಮೇಲಿನದು. ಅದು ಹೊಸ ಪಾಠವನ್ನು ನೋಡಿಯೇ ಹೇಳಿದ್ದು ಎನ್ನಲು ಅಡ್ಡಿಯಿಲ್ಲವೇನೋ ಎಂದುಕೊಂಡೆ. ಆಮೇಲೆ ನೆನಪಾಯಿತು, ತಿದ್ದಿದ್ದಕ್ಕೆ ಹೊಸ ನೋಟಿಫಿಕೇಶನ್ ಬರುವುದಿಲ್ಲ. ಅಕ್ಕ ಮೊದಲ ಸಲ ಓದಿಟ್ಟು, ಪಾತ್ರೆ ತೊಳೆದು ಬಂದು, ಮೇಲೆ ನೋಡದೆ ಉತ್ತರ ಬರೆದಿದ್ದರೆ ಅವಳ ತಲೆಯಲ್ಲಿ ಇದ್ದದ್ದು ಹಳೆಯ ಮಾತೇ. ಕೇಳಿದೆ. "ನಾನು ಕನ್ನಡಕ ಇಲ್ಲದೆ ಓದಿದ್ದು ಕಣೋ, ಯಾರೋ ಕೊಡ್ತಾರೆ ಅಂತಾಯ್ತು ಅಷ್ಟೇ" ಎಂದಳು.

ಬಗೆಹರಿಸಿದ್ದು ಬೇರೊಂದು ಸಾಲು. ಅಕ್ಕನ ಮಗಳು ಅದೇ ಸಂದೇಶವನ್ನು 9:24ಕ್ಕೆ ತನ್ನ ಗಂಡನಿಗೆ ಫಾರ್ವರ್ಡ್ ಮಾಡಿದ್ದಳು. ಫಾರ್ವರ್ಡ್ ಮಾಡಿದ್ದು ಪ್ರತ್ಯೇಕ ಸಂದೇಶ. ಮೂಲವನ್ನು ತಿದ್ದಿದರೂ ಅಳಿಸಿದರೂ ಅದಕ್ಕೆ ತಾಗುವುದಿಲ್ಲ. ಅಲ್ಲಿ ಇದ್ದದ್ದು: "ಅಡುಗೆಯವರ ಬಾಕಿ ನಾವು ಕೊಡಬೇಕು ಅಂತ ಆಗಿದೆ ಚಿಕ್ಕಪ್ಪ." ಆದ್ದರಿಂದ 9:24ರಲ್ಲಿ ಪಾಠ "ನಾವು" ಎಂದೇ ಇತ್ತು, "ನೀವು" ಬಂದದ್ದು ಅದಾದ ಮೇಲೆ. ಚಿಕ್ಕಪ್ಪನವರ "ಸರಿ" ಅದಕ್ಕೂ ಎರಡು ನಿಮಿಷ ಹಿಂದಿನದು. ಲೆಕ್ಕ ತಪಾಸಣೆಯವನ ಕೆಟ್ಟ ಚಾಳಿಯಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಎಷ್ಟು ಸಲ ತಿದ್ದಿದರೂ ಗುರುತು ಒಂದೇ. ಮೊದಲು "ನೀವು" ಇದ್ದು, "ನಾವು" ಆಗಿ, ಮತ್ತೆ "ನೀವು" ಆಗಿರುವ ಸಾಧ್ಯತೆಯನ್ನು 9:24ರ ಫಾರ್ವರ್ಡ್ ಪೂರ್ತಿ ಹೊಡೆದುಹಾಕುವುದಿಲ್ಲ. ಆದರೆ ನಾಲ್ಕು ನಿಮಿಷದಲ್ಲಿ ಹೀಗೆ ಅತ್ತಿತ್ತ ಹೊಯ್ದಾಡಲು ಕಾರಣ ಕಾಣುವುದಿಲ್ಲ. ಚಿಕ್ಕಪ್ಪನವರ ದೂರನ್ನು ಒಪ್ಪಲು ನನಗೆ ಅಷ್ಟು ಸಾಕಾಯಿತು.

ಒಪ್ಪಿದ್ದು ಎಷ್ಟನ್ನು? ಅವರು ಒಪ್ಪದ ಮಾತಿನ ಕೆಳಗೆ ಅವರ ಒಪ್ಪಿಗೆ ಬಂದು ಕೂತಿದೆ ಎಂಬಷ್ಟನ್ನು. ಹುಡುಗ ಮೋಸ ಮಾಡಿದ ಎಂಬುದನ್ನಲ್ಲ. ಅವನನ್ನು ಕೇಳಿದಾಗ, "ಮಾವ, ಹೋದ ವಾರ ಚಿಕ್ಕಪ್ಪನೇ ಫೋನಿನಲ್ಲಿ ಅಡುಗೆಯದ್ದು ನನಗಿರಲಿ ಅಂದಿದ್ರು. ನಾನು ನೀವು ಅಂತ ಹೊಡೆಯೋಕೆ ಹೋಗಿ ನಾವು ಅಂತ ಆಗಿತ್ತು, ಆಮೇಲೆ ನೋಡಿ ಸರಿ ಮಾಡಿದೆ" ಎಂದ. ಇರಬಹುದು. ಕೀಲಿಮಣೆಯಲ್ಲಿ ಅವೆರಡು ಪದ ಎಷ್ಟು ಹತ್ತಿರ ಎಂಬುದು ಕನ್ನಡ ಟೈಪ್ ಮಾಡುವ ಎಲ್ಲರಿಗೂ ಗೊತ್ತು. ಅವನ ತಪ್ಪು ಬೇರೆ ಕಡೆ ಇದೆ. ಕೆಳಗೆ ಉತ್ತರ ಬಂದು ಬಿದ್ದ ಮೇಲೆ ಮೇಲಿನ ಮಾತನ್ನು ತಿದ್ದಬಾರದಿತ್ತು. ಹೊಸ ಸಾಲು ಬರೆದು, "ನಾವು ಅಂತ ಬಿದ್ದಿದೆ, ನೀವು ಅಂತ ಓದಿಕೊಳ್ಳಿ" ಎಂದಿದ್ದರೆ ಅದಕ್ಕೊಂದು ವೇಳೆ ಇರುತ್ತಿತ್ತು, ಚಿಕ್ಕಪ್ಪನವರಿಗೆ ಬೇರೆ ಉತ್ತರ ಕೊಡುವ ಅವಕಾಶವೂ ಇರುತ್ತಿತ್ತು.

ಇಷ್ಟು ಹೇಳಿದ ಮೇಲೆ ಎದುರು ದಿಕ್ಕಿನ ತಪ್ಪನ್ನೂ ಹೇಳಬೇಕು. ಗುರುತು ಕಂಡಾಗ ಅನುಮಾನಪಡುವವರೇ ಗುರುತು ಕಾಣದಿದ್ದಾಗ ನಿಶ್ಚಿಂತರಾಗುತ್ತಾರೆ. ಅಳಿಸಿದ ಗುರುತು ಕಾಣದ ಮಾತುಕತೆ ಇಡಿಯಾಗಿದೆ ಎಂದು ನಂಬುತ್ತಾರೆ. ಟೆಲಿಗ್ರಾಂನಲ್ಲಿ 2019ರಿಂದ ಇಬ್ಬರ ನಡುವಿನ ಮಾತುಕತೆಯ ಯಾವ ಸಂದೇಶವನ್ನಾದರೂ, ಎಷ್ಟೇ ಹಳೆಯದಿರಲಿ, ತಾನು ಬರೆದದ್ದಿರಲಿ ಎದುರಿನವರು ಬರೆದದ್ದಿರಲಿ, ಎರಡೂ ಕಡೆಯಿಂದ ತೆಗೆಯಬಹುದು. ಬೂದು ವಾಕ್ಯವಿರಲಿ, ಒಂದು ಚುಕ್ಕೆಯೂ ಉಳಿಯುವುದಿಲ್ಲ. ವಾಟ್ಸಾಪಿನಲ್ಲೇ "ನನಗೆ ಮಾತ್ರ ಅಳಿಸು" ಎಂದು ಒತ್ತಿದರೆ ನನ್ನ ಫೋನಿನಿಂದ ಸಾಲು ಸದ್ದಿಲ್ಲದೆ ಹೋಗುತ್ತದೆ. ಬೂದು ವಾಕ್ಯವನ್ನು ಕೂಡ ಹೀಗೆ ಅಳಿಸಿಬಿಡಬಹುದು. ಆ ಫೋನಿನಿಂದ ತೆಗೆದ ಸ್ಕ್ರೀನ್‌ಶಾಟು ನೋಡುವವರಿಗೆ ನಡುವೆ ಮೂರು ಸಾಲು ಇಲ್ಲ ಎಂಬುದು ತಿಳಿಯುವ ದಾರಿಯೇ ಇಲ್ಲ. ಇಂತಿಷ್ಟು ದಿನದ ಮೇಲೆ ತಾನಾಗಿ ಮಾಯವಾಗುವ ಸಂದೇಶಗಳೂ ಒಂದೊಂದಾಗಿ ಗುರುತು ಬಿಟ್ಟು ಹೋಗುವುದಿಲ್ಲ.

ಬ್ರಿಟನ್ನಿನ ಕೋವಿಡ್ ವಿಚಾರಣಾ ಆಯೋಗ 2024ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಕೂತಾಗ ಇದೇ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು. ಸ್ಕಾಟ್ಲೆಂಡಿನ ಮಾಜಿ ಮೊದಲ ಮಂತ್ರಿ ನಿಕೋಲಾ ಸ್ಟರ್ಜನ್ ತಮ್ಮ ವಾಟ್ಸಾಪ್ ಸಂದೇಶಗಳನ್ನು ಉಳಿಸಿಕೊಂಡಿರಲಿಲ್ಲ. ಆಯೋಗದ ಮುಂದೆ ಬಂದ ಕೆಲವು ಮಾತುಕತೆಗಳು ಎದುರು ತುದಿಯಲ್ಲಿದ್ದವರ ಫೋನಿನಿಂದ ಬಂದವು. ಮುಖ್ಯವಾದದ್ದೆಲ್ಲ ಸರ್ಕಾರಿ ದಾಖಲೆಗೆ ಸೇರಿದೆ ಎಂಬುದು ಅವರ ಉತ್ತರವಾಗಿತ್ತು. ಆ ಉತ್ತರ ನಿಜವೋ ಅಲ್ಲವೋ ಎಂಬುದನ್ನು ಇಲ್ಲದ ಸಂದೇಶಗಳಿಂದ ಅಳೆಯಲು ಬರುವುದಿಲ್ಲ, ಅದೇ ಅಲ್ಲಿನ ಕಷ್ಟ. ನನಗೆ ಮುಖ್ಯವೆನಿಸಿದ್ದು ಇಷ್ಟು: ಮಾತುಕತೆಯನ್ನು ಇಡಿಯಾಗಿ ತೊಳೆದುಬಿಟ್ಟವರ ಫೋನಿನಲ್ಲಿ ಬೂದು ವಾಕ್ಯವೇ ಇರುವುದಿಲ್ಲ. ಅಡ್ವಾನ್ಸಿನ ಮೊತ್ತ ಬರೆಯುವಾಗ ತಡವರಿಸಿದ ಹುಡುಗಿಯ ಹೆಸರಿನಲ್ಲಿ ಎರಡು ಇರುತ್ತವೆ.

ನ್ಯಾಯಾಲಯಗಳು ಈ ವಿಷಯದಲ್ಲಿ ನಮ್ಮ ಕುಟುಂಬದ ಗುಂಪುಗಳಿಗಿಂತ ಸಾವಧಾನ. ತನ್ನಲ್ಲಿರುವ ಸಾಕ್ಷ್ಯವನ್ನು ಹಾಜರುಪಡಿಸಬಲ್ಲವನು ತಡೆಹಿಡಿದರೆ, ಅದು ಅವನಿಗೆ ಪ್ರತಿಕೂಲವಾಗಿತ್ತೆಂದು ನ್ಯಾಯಾಲಯ ಊಹಿಸಬಹುದು ಎಂಬ ಮಾತು 1872ರ ಸಾಕ್ಷ್ಯ ಕಾಯ್ದೆಯ 114ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 119ನೇ ಸೆಕ್ಷನ್ ಆಗಿದೆ. "ಊಹಿಸಬಹುದು" ಎಂದಿದೆಯೇ ಹೊರತು "ಊಹಿಸಲೇಬೇಕು" ಎಂದಿಲ್ಲ. ವ್ಯಾಜ್ಯ ಹುಟ್ಟಿದ ಮೇಲೆ ಅಳಿಸಿದ್ದಕ್ಕೂ, ವ್ಯಾಜ್ಯದ ಕನಸೂ ಇಲ್ಲದಾಗ ಅಳಿಸಿದ್ದಕ್ಕೂ ತೂಕ ಒಂದೇ ಆಗಲಾರದು. ಆ ವ್ಯತ್ಯಾಸ ಹೇಳಬೇಕಾದ್ದು ಮತ್ತದೇ ಅಳಿಸಿದ ವೇಳೆ, ತೆರೆಯಲ್ಲಿ ಇಲ್ಲದ್ದು.

ಭೀಮರಥ ಶಾಂತಿ ಚೆನ್ನಾಗಿ ನಡೆಯಿತು. ಅಡುಗೆಯವರ ಬಾಕಿಯನ್ನು ಅರ್ಧರ್ಧ ಮಾಡಿಕೊಂಡರು. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಚಿಕ್ಕಪ್ಪ ಸೊಸೆಯನ್ನು ಕರೆದು ನಗುತ್ತಲೇ ಕೇಳಿದರು: "ಅವತ್ತು ಎರಡು ಸಲ ಅಳಿಸಿದೆಯಲ್ಲಮ್ಮ, ಏನಿತ್ತು ಅದರಲ್ಲಿ?" ಅವಳು ಯೋಚಿಸಿದಳು. "ಮೊದಲನೇದು ಬೇರೆ ಫೋಟೋ ಹೋಗಿತ್ತು ಚಿಕ್ಕಪ್ಪ, ಪಾಪು ಔಷಧಿ ಚೀಟಿ. ಎರಡನೇದು ನೆನಪಿಲ್ಲ." ಚಿಕ್ಕಪ್ಪ ನನ್ನ ಕಡೆ ನೋಡಿದರು. ನೆನಪಿಲ್ಲ ಎಂಬುದೇ ಒಂದು ಉತ್ತರ ತಾನೇ ಎಂಬಂತಿತ್ತು ಆ ನೋಟ.

ಅವಳ ಫೋನು ತೆಗೆಸಿ ಅದೇ ರಾತ್ರಿಯ ಸಾಲುಗಳನ್ನು ಅವರಿಗೆ ತೋರಿಸಿದೆ. ನಮ್ಮ ಫೋನಿನಲ್ಲಿ This message was deleted ಎಂದಿದ್ದ ಜಾಗದಲ್ಲಿ ಅವಳ ಫೋನಿನಲ್ಲಿ You deleted this message ಎಂದಿತ್ತು. ಅಳಿಸಿದವಳ ಬಳಿಯೂ ಅಳಿಸಿದ್ದರ ಪ್ರತಿ ಇಲ್ಲ. ಹಾಗೇ ಕೆಳಗೆ ಸರಿಸುತ್ತ ಹೋದಾಗ, 9:52ಕ್ಕೆ, ನನ್ನ ಹೆಸರಿನ ಮುಂದೆಯೂ ಒಂದು ಬೂದು ವಾಕ್ಯ ಸಿಕ್ಕಿತು. "ನೀವೇನು ಅಳಿಸಿದ್ದು?" ಎಂದರು ಚಿಕ್ಕಪ್ಪ. ನನ್ನ ಫೋನು ತೆಗೆದು ನೋಡಿದೆ. ಏನು ಬರೆದಿದ್ದೆ ಎಂದು ಇವತ್ತಿಗೂ ಹೊಳೆದಿಲ್ಲ.